ಗ್ಯಾಂಟ್ ಚಾರ್ಟ್ ಸ್ಕ್ರೀನ್‌ಶಾಟ್‌ನಲ್ಲಿ ನಿರ್ಣಾಯಕ ಪಥ

ಯೋಜನೆಯ ಮುಕ್ತಾಯದ ದಿನವನ್ನು ನಿರ್ಧರಿಸುವ, ಒಂದು ದಿನವೂ ಬಿಡುವಿಲ್ಲದ ಕೆಲಸಗಳ ಸರಪಳಿ. ಚಿತ್ರದಲ್ಲಿ ಇದನ್ನು ಕೊನೆಯ ಪಟ್ಟಿಯಿಂದ ಬಾಣಗಳ ಗುಂಟ ಹಿಂದಕ್ಕೆ ಓದಬೇಕು.

ಒಂದು ಮನೆಯ ಚಾರ್ಟ್ ನೋಡಿ: ತಳಪಾಯ 10 ದಿನ, ಗೋಡೆ 15, ತಾರಸಿ 12, ಆಮೇಲೆ ಬಾಗಿಲು ಜೋಡಣೆ. ಈ ಸಾಲಿಗೆ 37 ದಿನ. ಮೊದಲ ದಿನವೇ ಶುರುವಾಗುವ ಬಾಗಿಲಿನ ಮರಗೆಲಸಕ್ಕೆ 34 ದಿನ. ಬಿಡುವು ಮೂರೇ ದಿನ. 20ನೇ ದಿನ ಮುಗಿದಾಗ ‘ಇಂದು’ ಗೆರೆಯ ಹತ್ತಿರ ಕಣ್ಣಿಟ್ಟರೆ, ಮರಗೆಲಸದ ಪಟ್ಟಿಯಲ್ಲಿ ಬಣ್ಣ ತುಂಬಿರುವುದು ಮೂರನೇ ಒಂದು ಭಾಗ ಮಾತ್ರ. ಉಳಿದ 23 ದಿನಗಳ ಕೆಲಸ ನಿಗದಿತ ವೇಗದಲ್ಲೇ ಸಾಗಿದರೂ ಮುಗಿಯುವುದು 43ನೇ ದಿನಕ್ಕೆ. ಅಂದರೆ ನಿರ್ಣಾಯಕ ಪಥ ಈಗಾಗಲೇ ಬಡಗಿಯ ಕೈಗೆ ದಾಟಿದೆ.

ಬಾಣಗಳಿಲ್ಲದ ಚಿತ್ರದಲ್ಲಿ ಎಚ್ಚರ ಬೇಕು: ಒಂದು ಪಟ್ಟಿ ಮುಗಿದಲ್ಲಿ ಇನ್ನೊಂದು ಶುರುವಾದ ಮಾತ್ರಕ್ಕೆ ಅವು ಪರಸ್ಪರ ಅವಲಂಬಿತವೆನ್ನಲಾಗದು. ಅಂಥಲ್ಲಿ ಮೂಲ ಕಡತವನ್ನೇ ಕೇಳಿ ಪಡೆಯಬೇಕು.