ಸೆಲ್‌ಗೆ ನೆನಪುಂಟೆ? ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯ ‘ಮೆಮೊರಿ ಎಫೆಕ್ಟ್’: ಕಲ್ಪನೆ ಮತ್ತು ವಾಸ್ತವ

ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯನ್ನು ಅರ್ಧ ಬಳಸಿ ಮತ್ತೆ ಚಾರ್ಜ್ ಮಾಡಿದರೆ ಅದು ಆ ಅರ್ಧವನ್ನೇ ನೆನಪಿಟ್ಟುಕೊಳ್ಳುತ್ತದೆ, ಮುಂದೆ ಅಷ್ಟೇ ವಿದ್ಯುತ್ ಕೊಡುತ್ತದೆ ಎಂಬ ನಂಬಿಕೆ ದಶಕಗಳಿಂದ ಬಳಕೆಯಲ್ಲಿದೆ. ಇದನ್ನು ‘ಮೆಮೊರಿ ಎಫೆಕ್ಟ್’ ಎನ್ನುತ್ತಾರೆ. ಈ ಹೆಸರಿನಡಿ ಜನ ಗಮನಿಸಿದ ದೋಷ ನಿಜವಾದದ್ದು. ಆದರೆ ಬಹುಪಾಲು ಸಂದರ್ಭಗಳಲ್ಲಿ ಅದರ ಮೂಲ ಅತಿಚಾರ್ಜ್, ಮತ್ತು ಕುಸಿಯುವುದು ಸೆಲ್‌ನ ಸಾಮರ್ಥ್ಯವಲ್ಲ, ವೋಲ್ಟೇಜ್ ಎಂಬುದು ಈ ಲೇಖನದ ವಾದ.

ಹೆಸರು ಬಂದ ಬಗೆ

ಸ್ವೀಡನ್ನಿನ ವಾಲ್ಡೆಮಾರ್ ಯುಂಗ್ನರ್ 1899ರಲ್ಲಿ ಈ ಬ್ಯಾಟರಿಯನ್ನು ರೂಪಿಸಿದ. ಆಗ ಸಕ್ರಿಯ ಪುಡಿಯನ್ನು ರಂಧ್ರವಿರುವ ಲೋಹದ ಜೇಬುಗಳಲ್ಲಿ ತುಂಬುತ್ತಿದ್ದರು. 1930ರ ದಶಕದಲ್ಲಿ ಸಿಂಟರ್ಡ್ ಫಲಕ ಬಂತು. ನಿಕಲ್ ಪುಡಿಯನ್ನು ಕರಗದಂತೆ ಕಾಯಿಸಿ ಬೆಸೆದು, ಸ್ಪಂಜಿನಂಥ ಹಂದರ ಮಾಡಿ, ಅದರ ರಂಧ್ರಗಳಲ್ಲಿ ಸಕ್ರಿಯ ವಸ್ತುವನ್ನು ಕೂರಿಸುವ ವಿಧಾನವಿದು. ಕ್ಯಾಡ್ಮಿಯಂ ಹೀಗೆ ನಿಕಲ್‌ನ ಮಗ್ಗುಲಲ್ಲೇ ನೆಲೆಸಿತು. ಮುಂದಿನ ಕಥೆಗೆ ಈ ನೆರೆಹೊರೆಯೇ ಮುಖ್ಯ.

ಜನರಲ್ ಎಲೆಕ್ಟ್ರಿಕ್ ಕಂಪನಿಯ ತಾಂತ್ರಿಕ ಟಿಪ್ಪಣಿಯೊಂದು ‘ಮೆಮೊರಿ’ ಎಂಬ ಹೆಸರನ್ನು ಕೃತಕ ಉಪಗ್ರಹಗಳಿಗೆ ಜೋಡಿಸುತ್ತದೆ. ಕೆಳಕಕ್ಷೆಯ ಉಪಗ್ರಹ ಸುಮಾರು ಒಂದೂವರೆ ಗಂಟೆಗೊಮ್ಮೆ ಭೂಮಿಯ ನೆರಳಿಗೆ ಹೋಗಿ ಬರುತ್ತದೆ. ನೆರಳಿನಲ್ಲಿ ಬ್ಯಾಟರಿ ಖರ್ಚಾಗುತ್ತದೆ, ಬಿಸಿಲಿನಲ್ಲಿ ತುಂಬಿಕೊಳ್ಳುತ್ತದೆ. ಗಣಕದ ನಿಯಂತ್ರಣದಲ್ಲಿ ಪ್ರತಿ ಆವರ್ತವೂ ಒಂದೇ ಅಳತೆಯದು. ಅದೇ ಟಿಪ್ಪಣಿಯ ಪ್ರಕಾರ, ಖರ್ಚಿನ ಪ್ರಮಾಣ ಪ್ರತಿ ಸಲ ಶೇ. 2–3ರಷ್ಟು ಹೆಚ್ಚು ಕಡಿಮೆಯಾದರೂ ನಿಜವಾದ ಮೆಮೊರಿ ಹುಟ್ಟದು. ಮನೆಯಲ್ಲಿ ಬಳಸುವ ಟಾರ್ಚ್ ಅಥವಾ ಡ್ರಿಲ್‌ನಲ್ಲಿ ಅಂಥ ಕರಾರುವಾಕ್ಕಾದ ಪುನರಾವರ್ತನೆ ಸಾಧ್ಯವೇ ಇಲ್ಲ.

ಸೆಲ್ಲಿನ ಒಳಗೆ

ಹಾಗಾದರೆ ಬಳಕೆದಾರರು ಕಂಡದ್ದೇನು? ಸೆಲ್ ತುಂಬಿದ ಮೇಲೂ ಚಾರ್ಜರ್‌ನಲ್ಲೇ ಬಿಟ್ಟರೆ, ಅದರಲ್ಲೂ ಬಿಸಿಯಲ್ಲಿ, ಸಿಂಟರ್ಡ್ ಋಣ ಫಲಕದ ಕ್ಯಾಡ್ಮಿಯಂ ಪಕ್ಕದ ನಿಕಲ್‌ನೊಂದಿಗೆ ಬೆರೆತು Ni₅Cd₂₁ ಎಂಬ ಮಿಶ್ರಲೋಹವಾಗುತ್ತದೆ. ಇದರಲ್ಲಿರುವ ಕ್ಯಾಡ್ಮಿಯಂ ಕೂಡ ವಿದ್ಯುತ್ ಕೊಡುತ್ತದೆ, ಆದರೆ ಸುಮಾರು 0.12 ವೋಲ್ಟ್ ಕೆಳಗಿನ ಮಟ್ಟದಲ್ಲಿ. ಧನ ಫಲಕದಲ್ಲೂ ಇಂಥದೇ ಬದಲಾವಣೆ ಕಂಡುಬಂದಿದೆ. ಅತಿಚಾರ್ಜ್‌ನಿಂದ ನಿಕಲ್ ಆಕ್ಸಿಹೈಡ್ರಾಕ್ಸೈಡ್ ತನ್ನ ಬೀಟಾ ರೂಪದಿಂದ ಗಾಮಾ ರೂಪಕ್ಕೆ ತಿರುಗುತ್ತದೆ. ಅದೂ ತುಸು ಕಡಿಮೆ ವೋಲ್ಟೇಜಿನಲ್ಲಿ ಖರ್ಚಾಗುತ್ತದೆ. ಜಪಾನಿನ ಯೂಯಿಚಿ ಸಾಟೊ ಮತ್ತು ಸಂಗಡಿಗರು 2001ರ ಹೊತ್ತಿಗೆ ಪ್ರಕಟಿಸಿದ ಅಧ್ಯಯನಗಳು ಈ ಗಾಮಾ ರೂಪವನ್ನೇ ಮುಖ್ಯ ಕಾರಣವೆಂದು ಗುರುತಿಸಿದವು.

ಅರ್ಧ ಬಳಕೆಯ ಮೇಲಿನ ಜನರ ಅನುಮಾನಕ್ಕೂ ಇಲ್ಲಿ ಒಂದು ಆಧಾರ ಸಿಗುತ್ತದೆ. ಬಳಸದೆ ಉಳಿದ ಭಾಗ ಮೊದಲೇ ತುಂಬಿರುತ್ತದೆ. ಪ್ರತಿ ಚಾರ್ಜಿನಲ್ಲೂ ಅತಿಚಾರ್ಜ್‌ನ ಏಟು ಬೀಳುವುದು ಅದಕ್ಕೇ. ಅಂದರೆ ಅರ್ಧ ಬಳಕೆ ತಾನಾಗಿ ದೋಷ ತರುವುದಿಲ್ಲ, ಅತಿಚಾರ್ಜ್‌ಗೆ ಅವಕಾಶ ಮಾಡಿಕೊಡುತ್ತದೆ.

ಒಂದು ಲೆಕ್ಕ

ಆರು ಸೆಲ್‌ಗಳ, 1000 ಮಿಲಿಆಂಪ್-ಗಂಟೆಯ ಪ್ಯಾಕ್ ಒಂದನ್ನು ಊಹಿಸಿಕೊಳ್ಳೋಣ. ಪ್ರತಿ ಸೆಲ್ 1.2 ವೋಲ್ಟ್, ಒಟ್ಟು 7.2. ಉಪಕರಣವು 6.6 ವೋಲ್ಟ್‌ಗೆ ಆರಿಹೋಗುವಂತೆ ರೂಪಿತವಾಗಿದೆ. 200 ಮಿಲಿಆಂಪ್ ಎಳೆದರೆ ಹೊಸ ಪ್ಯಾಕ್ ಹತ್ತಿರಹತ್ತಿರ ಐದು ಗಂಟೆ ನಡೆಯಬೇಕು. ಮೂರು ಗಂಟೆಯ ನಂತರ ಪ್ರತಿ ಸೆಲ್ 0.12 ವೋಲ್ಟ್ ಇಳಿದರೆ ಒಟ್ಟು 6.48 ಆಗುತ್ತದೆ, ಉಪಕರಣ ಆರುತ್ತದೆ. ಒಳಗೆ ಇನ್ನೂ ಸುಮಾರು 400 ಮಿಲಿಆಂಪ್-ಗಂಟೆ ಉಳಿದಿದ್ದರೂ ಬಳಕೆದಾರನಿಗೆ ಬ್ಯಾಟರಿ ‘ಖಾಲಿ’.

ಪತ್ತೆಯ ದಾರಿಯೂ ಇದೇ ಲೆಕ್ಕದಲ್ಲಿದೆ. ಪ್ಯಾಕನ್ನು ಹೊರಗೆ ತೆಗೆದು, ಒಂದೇ ಸಮನಾದ ವಿದ್ಯುತ್ತನ್ನು ಎಳೆಯುತ್ತ, ವೋಲ್ಟ್‌ಮೀಟರಿನ ಅಂಕಿಯನ್ನು ಕಾಲಕಾಲಕ್ಕೆ ಬರೆದಿಟ್ಟುಕೊಳ್ಳಬೇಕು. ರೇಖೆ ಒಂದು ಮೆಟ್ಟಿಲು ಇಳಿದು, ಅಲ್ಲಿಂದ ಮತ್ತೆ ಸಮತಟ್ಟಾಗಿ ಸಾಗಿದರೆ ಅದು ವೋಲ್ಟೇಜ್ ಕುಸಿತ. ಎರಡನೆಯ ಮೆಟ್ಟಿಲೇ ಇಲ್ಲದೆ ಬೇಗ ಮುಗಿದರೆ ಸೆಲ್ ನಿಜವಾಗಿಯೂ ಸವೆದಿದೆ: ನೀರು ಆವಿಯಾಗಿ ಹೋಗಿರಬಹುದು ಅಥವಾ ಫಲಕಗಳ ನಡುವಿನ ಪೊರೆ ಹಾಳಾಗಿರಬಹುದು. ಆರಂಭದಲ್ಲೇ ಸುಮಾರು 1.2 ವೋಲ್ಟ್ ಕಡಿಮೆ ಬಂದರೆ ಒಂದು ಸೆಲ್ ಒಳಗೇ ಶಾರ್ಟ್ ಆಗಿದೆ.

ಮೊದಲ ದೋಷಕ್ಕೆ ಮದ್ದುಂಟು. ಪ್ರತಿ ಸೆಲ್ 1.0 ವೋಲ್ಟ್‌ಗೆ, ಅಂದರೆ ಈ ಪ್ಯಾಕ್ 6.0 ವೋಲ್ಟ್‌ಗೆ ಇಳಿಯುವವರೆಗೆ ಖರ್ಚು ಮಾಡಿ ಮತ್ತೆ ತುಂಬಿಸಿದರೆ, ಒಂದೆರಡು ಆವರ್ತಗಳಲ್ಲಿ ಮಿಶ್ರಲೋಹ ಕರಗಿ ಮೆಟ್ಟಿಲು ಬಹುಮಟ್ಟಿಗೆ ಮಾಯವಾಗುತ್ತದೆ. ಅದಕ್ಕಿಂತ ಕೆಳಗೆ ಇಳಿಸಬಾರದು. ಸರಣಿಯಲ್ಲಿ ಎಲ್ಲಕ್ಕಿಂತ ದುರ್ಬಲವಾದ ಸೆಲ್ ಮೊದಲು ಬರಿದಾದಾಗ, ಉಳಿದವು ಅದರೊಳಗೆ ವಿದ್ಯುತ್ತನ್ನು ತಳ್ಳಿ ಅದರ ಧ್ರುವವನ್ನೇ ತಿರುಗಿಸುತ್ತವೆ. ಆಗ ಹೈಡ್ರೋಜನ್ ಹುಟ್ಟಿ, ಒತ್ತಡ ಏರಿ, ಸುರಕ್ಷಾ ಕವಾಟದಿಂದ ಹೊರಬೀಳುತ್ತದೆ, ಸೆಲ್ ಒಣಗುತ್ತದೆ. ‘ಮೆಮೊರಿ ಅಳಿಸಲು’ ಡ್ರಿಲ್‌ನ ಗುಂಡಿಯನ್ನು ಕಟ್ಟಿಟ್ಟು ರಾತ್ರಿಯಿಡೀ ಓಡಿಸಿದವರು, ಸರಿಪಡಿಸಬಹುದಾಗಿದ್ದ ವೋಲ್ಟೇಜ್ ಕುಸಿತದ ಜಾಗದಲ್ಲಿ ಸರಿಪಡಿಸಲಾಗದ ಸವಕಳಿಯನ್ನು ತಂದುಕೊಂಡರು.