ತಲೆನೋವು ಹೇಗೆ ಶುರುವಾಯಿತು?

ನಮ್ಮ ಕಡೆ ಈಗ ತಲೆನೋವಿಗೆ ಎರಡೇ ಹೆಸರು: ಮೈಗ್ರೇನ್, ಇಲ್ಲವೇ ಬಿ.ಪಿ. ಅರಳಸುರಳಿಯಿಂದ ಬಂದವರಿರಲಿ, ಹೊಸನಗರ, ಸಾಗರದ ಕಡೆಯವರಿರಲಿ, ಹೆಸರನ್ನು ತಾವೇ ಇಟ್ಟುಕೊಂಡು, ಮೆಡಿಕಲ್ ಶಾಪಿನ ಮಾತ್ರೆಯನ್ನೂ ನುಂಗಿಯೇ ಬಂದಿರುತ್ತಾರೆ. ಹಲವರ ವಿಷಯದಲ್ಲಿ ಅದು ತಪ್ಪೂ ಅಲ್ಲ. ಬೆಂಗಳೂರು ಮತ್ತು ಅದರ ಸುತ್ತಲ ಹಳ್ಳಿಗಳಲ್ಲಿ ನಿಮ್ಹಾನ್ಸ್‌ನವರು ಮನೆಮನೆಗೆ ಹೋಗಿ ವಿಚಾರಿಸಿದಾಗ, ವಯಸ್ಕರಲ್ಲಿ ನೂರಕ್ಕೆ ಸುಮಾರು 64 ಮಂದಿಗೆ ವರ್ಷದೊಳಗೆ ತಲೆನೋವು ಬಂದಿತ್ತು. ಸುಮಾರು 25 ಮಂದಿಯದು ಮೈಗ್ರೇನ್. ಜೀವಕ್ಕೆ ಎರವಾಗುವ ತಲೆನೋವುಗಳು ತೀರ ಕಡಿಮೆ, ಆದರೆ ಅವು ಇದೇ ಗುಂಪಿನಲ್ಲಿ ಸೇರಿಕೊಂಡಿರುತ್ತವೆ. ಅವನ್ನು ನೋವಿನ ಜೋರಿನಿಂದ ಗುರುತಿಸಲು ಹೊರಟರೆ ಮೋಸಹೋಗುತ್ತೇವೆ. ಮೈಗ್ರೇನ್ ಕೂಡ ಮನುಷ್ಯನನ್ನು ಕತ್ತಲ ಕೋಣೆಯಲ್ಲಿ ಮಲಗಿಸಿಬಿಡುತ್ತದೆ. ಮೆದುಳಿನ ಗೆಡ್ಡೆ ಹಲವು ವಾರ ಬರೀ ಸಣ್ಣ ಭಾರವಾಗಿ ಉಳಿದಿರುತ್ತದೆ.

ಇಂಥ ಅಪಾಯದ ತಲೆನೋವನ್ನು ವೈದ್ಯರು ಗುರುತಿಸಲು ಕಲಿತ ಕಥೆಯಲ್ಲಿ ಆರಂಭದ ಘಟ್ಟವನ್ನು ಬೇಗ ದಾಟಬಹುದು. 1891ರಲ್ಲಿ ಜರ್ಮನಿಯ ಕ್ವಿಂಕೆ ಬೆನ್ನುಹುರಿಯ ನೀರನ್ನು ಸೂಜಿಯಿಂದ ತೆಗೆಯುವ ವಿಧಾನ ತಂದ ಮೇಲೆ, ಬದುಕಿರುವ ರೋಗಿಯಲ್ಲೇ ಮೆದುಳಿನ ಸುತ್ತಲ ರಕ್ತಸ್ರಾವವನ್ನು ಕಾಣಲು ಸಾಧ್ಯವಾಯಿತು. 1927ರಲ್ಲಿ ಪೋರ್ಚುಗಲ್ಲಿನ ಎಗಾಸ್ ಮೊನಿಜ್ ಮೆದುಳಿನ ರಕ್ತನಾಳಗಳನ್ನು ಎಕ್ಸ್‌ರೇಯಲ್ಲಿ ತೋರಿಸಿದರು. 1937ರಲ್ಲಿ ಅಮೆರಿಕದ ವಾಲ್ಟರ್ ಡ್ಯಾಂಡಿ ಉಬ್ಬಿದ ರಕ್ತನಾಳದ ಕುತ್ತಿಗೆಗೆ ಲೋಹದ ಕ್ಲಿಪ್ ಹಾಕಿದರು. 1971ರಲ್ಲಿ ಲಂಡನ್ನಿನಲ್ಲಿ ಮೊದಲ ರೋಗಿಯ ಸಿ.ಟಿ. ಸ್ಕ್ಯಾನ್ ಆಯಿತು. ಇವೆಲ್ಲ ಯಂತ್ರ ಮತ್ತು ಕೈಚಳಕದ ಗೆಲುವುಗಳು. ಯಾವ ತಲೆನೋವಿನವರನ್ನು ಆ ಯಂತ್ರದ ಕೆಳಗೆ ಮಲಗಿಸಬೇಕು ಎಂಬುದು ಇನ್ನೂ ಉಳಿದಿತ್ತು.

ಅದಕ್ಕೆ ಉತ್ತರ ದೊರೆತದ್ದು ನಮ್ಮ ತಲೆಮಾರಿನ ಕಾಲದಲ್ಲಿ. 1986ರಲ್ಲಿ ಡೇ ಮತ್ತು ರಾಸ್ಕಿನ್ ಸಿಡಿಲಿನಂತೆ ಎರಗುವ ತಲೆನೋವನ್ನು ವಿವರಿಸಿದಾಗ ಎಲ್ಲರ ಗಮನ ಸಮಯದ ಕಡೆಗೆ ತಿರುಗಿತು. ಇಂಥ ನೋವು ಒಂದು ನಿಮಿಷದೊಳಗೆ ತುತ್ತತುದಿಗೆ ಹೋಗುತ್ತದೆ. ರೋಗಿಗೆ ಆ ಗಳಿಗೆ ನೆನಪಿರುತ್ತದೆ: ಕೊಡಪಾನ ಎತ್ತುವಾಗ, ಶೌಚಕ್ಕೆ ಕೂತಾಗ, ಮಾತಾಡುತ್ತ ನಿಂತಾಗ. ಮೈಗ್ರೇನ್ ಸಾಮಾನ್ಯವಾಗಿ ಅರ್ಧ ತಾಸು, ಒಂದು ತಾಸು ತೆಗೆದುಕೊಂಡು ಏರುತ್ತದೆ. ಹೀಗೆ ಎರಗಿದ ನೋವೆಲ್ಲ ರಕ್ತಸ್ರಾವವೇ ಅಲ್ಲ, ಆದರೆ ಅಲ್ಲ ಎಂದು ಸ್ಕ್ಯಾನ್ ಹೇಳಬೇಕು. ಮಾತ್ರೆಗೆ ನೋವು ತಗ್ಗಿತು ಎಂಬುದು ಸಾಕ್ಷಿಯಾಗದು. ಸಣ್ಣದಾಗಿ ಸೋರಿ ನಿಂತ ರಕ್ತನಾಳ ಮತ್ತೆ ಒಡೆಯುವ ಭಯ ಮೊದಲ 24 ತಾಸಿನಲ್ಲೇ ಹೆಚ್ಚು.

ಕೆನಡಾದ ಪೆರ್ರಿ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನಾನು ಈ ಕ್ಷೇತ್ರದ ಅತ್ಯಂತ ಉಪಯುಕ್ತ ಕೆಲಸಗಳಲ್ಲಿ ಒಂದೆಂದು ಎಣಿಸುತ್ತೇನೆ. ನೋವು ಶುರುವಾದ ಆರು ತಾಸಿನೊಳಗೆ ಸ್ಕ್ಯಾನ್ ಆದವರಲ್ಲಿ 121 ಮಂದಿಗೆ ರಕ್ತಸ್ರಾವವಿತ್ತು. ಸ್ಕ್ಯಾನ್ ಒಬ್ಬರನ್ನೂ ತಪ್ಪಿಸಲಿಲ್ಲ. ಆರು ತಾಸು ಮೀರಿದವರಲ್ಲಿ ನೂರಕ್ಕೆ ಸುಮಾರು 86 ಮಂದಿಯನ್ನಷ್ಟೇ ಅದು ಹಿಡಿಯಿತು. ತಡವಾಗಿ ಬಂದವರ ಸ್ಕ್ಯಾನ್ ಸರಿಯಿದ್ದರೂ ಬೆನ್ನಿನ ನೀರು ನೋಡಬೇಕಾಗುವುದು ಇದರಿಂದಲೇ. ತೀರ್ಥಹಳ್ಳಿಯ ಒಳಹಳ್ಳಿಯಿಂದ ಶಿವಮೊಗ್ಗಕ್ಕೋ, ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೋ ಹೋಗುವ ಹೊತ್ತನ್ನು ಲೆಕ್ಕ ಹಾಕಿ. "ರಾತ್ರಿ ಕಳೀಲಿ, ಬೆಳಗ್ಗೆ ನೋಡೋಣ" ಎಂಬ ಒಂದು ಮಾತಿಗೆ ಆ ಆರು ತಾಸು ಮುಗಿದಿರುತ್ತದೆ.

ಆಮೇಲೆ ಪಟ್ಟಿಗಳ ಕಾಲ ಬಂತು. ಅಮೆರಿಕದ ಡೇವಿಡ್ ಡೋಡಿಕ್ ಅಪಾಯದ ಸೂಚನೆಗಳನ್ನು ನೆನಪಿಡಲು ಸುಲಭವಾಗುವಂತೆ ಜೋಡಿಸಿದರು; 2019ರಲ್ಲಿ ಅದು ಹದಿನೈದು ಅಂಶಗಳಿಗೆ ಬೆಳೆಯಿತು. ಕೈಕಾಲಿನ ಬಲ ಕುಂದುವುದು, ಮಾತು ತೊದಲುವುದು, ಫಿಟ್ಸ್, ಎಚ್ಚರ ತಪ್ಪುವುದು, ಜ್ವರದೊಡನೆ ಕತ್ತು ಬಿಗಿಯುವುದು, ಐವತ್ತು ದಾಟಿದ ಮೇಲೆ ಮೊದಲ ಸಲ ಬಂದ ನೋವು. ಇವುಗಳ ಜೊತೆಗೆ ಗರ್ಭಿಣಿ ಮತ್ತು ಬಾಣಂತಿಯೂ ಅದರಲ್ಲಿದ್ದಾರೆ, ಆದರೆ ಒಂದು ಸಾಲಾಗಿ ಮಾತ್ರ. ನಮ್ಮಲ್ಲಿ ಅವರದು ಒಂದು ಸಾಲಿನಲ್ಲಿ ಮುಗಿಯುವ ವಿಷಯವಲ್ಲ.

ಇಲ್ಲಿ ದಕ್ಷಿಣ ಭಾರತದವರ ಕೆಲಸವನ್ನು ನೆನೆಯಬೇಕು. ತಮಿಳುನಾಡಿನ ಕೆ. ಶ್ರೀನಿವಾಸನ್ 1983ರಲ್ಲಿ, ಬಸಿರು–ಬಾಣಂತನದಲ್ಲಿ ಮೆದುಳಿನ ರಕ್ತನಾಳ ಕಟ್ಟಿಕೊಂಡ 135 ಹೆಣ್ಣುಮಕ್ಕಳ ವಿವರ ಪ್ರಕಟಿಸಿದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಿ. ನಾಗರಾಜ ಮತ್ತು ಅವರ ಸಹೋದ್ಯೋಗಿಗಳು ದಶಕಗಳ ಕಾಲ ಇದರ ಬೆನ್ನುಹತ್ತಿದರು. ಮೆದುಳಿನಿಂದ ರಕ್ತವನ್ನು ಹಿಂದಕ್ಕೊಯ್ಯುವ ಅಭಿಧಮನಿಗಳು ಕಟ್ಟಿಕೊಂಡರೆ ಒಳಗಿನ ಒತ್ತಡ ಏರುತ್ತ ಹೋಗುತ್ತದೆ. ಹೆರಿಗೆಯಾದ ಮೇಲೆ ರಕ್ತ ತಾನಾಗಿಯೇ ಹೆಪ್ಪುಗಟ್ಟುವ ಕಡೆಗೆ ವಾಲಿರುತ್ತದೆ. ಅದರ ಮೇಲೆ ರಕ್ತಹೀನತೆ, ಜೊತೆಗೆ ಬಾಣಂತಿಗೆ ನೀರು ಕೊಡಬಾರದೆಂಬ ಪಥ್ಯ. ಪಾಶ್ಚಾತ್ಯ ಪುಸ್ತಕಗಳು ಅಪರೂಪವೆಂದು ಬದಿಗಿಟ್ಟ ಕಾಯಿಲೆಗೆ ನಮ್ಮ ವಾರ್ಡುಗಳಲ್ಲಿ ಹಾಸಿಗೆ ಖಾಲಿ ಇರುತ್ತಿರಲಿಲ್ಲ.

ನಾನು ಕಂಡ ಒಬ್ಬ ತಾಯಿಯ ವಿಷಯ ಹೇಳುತ್ತೇನೆ. ತವರಿನಲ್ಲಿ ಬಾಣಂತನ, ಸಹಜ ಹೆರಿಗೆಯಾಗಿ ಎರಡನೇ ವಾರ. ತಲೆನೋವು ಸಿಡಿಲಿನಂತೆ ಬರಲಿಲ್ಲ. ದಿನದಿಂದ ದಿನಕ್ಕೆ ಏರಿತು. ಶೀತವಾಗಿದೆ ಎಂದು ತಲೆಗೆ ಬಟ್ಟೆ ಬಿಗಿದು, ನೀರು ಇನ್ನೂ ಕಡಿಮೆ ಮಾಡಿದರು. ಮಲಗಿದರೆ ನೋವು ಜಾಸ್ತಿ, ಬೆಳಗಿನ ಜಾವ ವಾಂತಿ. ಬಗ್ಗಿದಾಗ ಕಣ್ಣಿಗೆ ಮಂಜು ಕವಿಯುತ್ತದೆಂದು ಆಕೆ ಹೇಳಿದ್ದನ್ನು ನಿಶ್ಶಕ್ತಿ ಎಂದುಕೊಂಡರು. ನಾಲ್ಕನೇ ದಿನ ಬಲಗೈಯಿಂದ ಮಗುವನ್ನು ಹಿಡಿಯಲಾಗಲಿಲ್ಲ, ಆಮೇಲೆ ಫಿಟ್ಸ್. ಆಗ ಆಕೆಯ ಅಮ್ಮ 108ಕ್ಕೆ ಫೋನ್ ಮಾಡಿಸಿದರು.

ಇಂಥವರ ಸಾಮಾನ್ಯ ಸಿ.ಟಿ. ಎಷ್ಟೋ ಸಲ ಸರಿಯಾಗಿಯೇ ಕಾಣುತ್ತದೆ. ಅಭಿಧಮನಿಗಳನ್ನೇ ತೋರಿಸುವ ವೆನೋಗ್ರಾಮ್ ಬೇಕೆಂದು ಕೇಳಬೇಕು. ಈಕೆಯ ಅಭಿಧಮನಿ ಕಟ್ಟಿತ್ತು, ಪಕ್ಕದಲ್ಲಿ ಸ್ವಲ್ಪ ರಕ್ತವೂ ಸೋರಿತ್ತು. ರಕ್ತ ಸೋರಿದವರಿಗೆ ರಕ್ತ ತೆಳುವಾಗಿಸುವ ಹೆಪಾರಿನ್ ಕೊಡುವುದೇ ಎಂದು ಮನೆಯವರು ಗಾಬರಿಯಾದರು. ಒಂದು ಕಾಲಕ್ಕೆ ವೈದ್ಯರೂ ಹಾಗೇ ಹೆದರುತ್ತಿದ್ದರು. 1991ರಲ್ಲಿ ಜರ್ಮನಿಯ ಐನ್‌ಹಾಯ್ಪಲ್ ಬರೀ ಇಪ್ಪತ್ತು ರೋಗಿಗಳ ಪ್ರಯೋಗದಲ್ಲಿ ಆ ಹೆದರಿಕೆಯನ್ನು ಬಹುಪಾಲು ಕಳೆದರು: ಹೆಪಾರಿನ್ ಪಡೆದ ಹತ್ತರಲ್ಲಿ ಎಂಟು ಮಂದಿ ಪೂರ್ಣ ಗುಣವಾದರು, ಪಡೆಯದ ಹತ್ತರಲ್ಲಿ ಒಬ್ಬರು. ರಕ್ತ ಸೋರುವುದು ಹಿಂದೆ ಕಟ್ಟಿಕೊಂಡ ಒತ್ತಡದಿಂದ, ಹಾಗಾಗಿ ಕಟ್ಟು ಬಿಡಿಸುವುದೇ ಚಿಕಿತ್ಸೆ. ಈ ತಾಯಿಗೆ ಕೈಯ ಬಲ ವಾರಗಳಲ್ಲಿ ಮರಳಿತು.

ಬಾಣಂತಿಯ ತಲೆನೋವೆಲ್ಲ ಇದೇ ಎಂದಲ್ಲ. ಸಿಸೇರಿಯನ್‌ಗೆ ಬೆನ್ನಿಗೆ ಸೂಜಿ ಚುಚ್ಚಿದ್ದರೆ ಎದ್ದು ಕೂತಾಗ ನೋವು, ಮಲಗಿದರೆ ಆರಾಮ. ಮೇಲೆ ಹೇಳಿದ್ದಕ್ಕೆ ತದ್ವಿರುದ್ಧ. ಆ ಎದ್ದರೆ ಬರುವ ನೋವು ಸದಾಕಾಲದ ನೋವಾಗಿ ಬದಲಾದರೆ ಮಾತ್ರ ಮತ್ತೆ ಅನುಮಾನಿಸಬೇಕು. ಇನ್ನು ಹೆರಿಗೆಯಾದ ಆರು ವಾರದೊಳಗೆ ತಲೆನೋವೆಂದ ಯಾರಿಗೇ ಆಗಲಿ ಬಿ.ಪಿ. ನೋಡಲೇಬೇಕು, 140/90 ದಾಟಿದ್ದರೆ ಅಂದೇ ಆಸ್ಪತ್ರೆ. ಬಸಿರಿನ ನಂಜು ಹೆರಿಗೆಯೊಂದಿಗೆ ಮುಗಿಯುವುದಿಲ್ಲ.

ಪಟ್ಟಿಗಳಲ್ಲಿ ಮಲೆನಾಡಿನ ಇನ್ನೊಂದು ನೋವಿಗೂ ಸರಿಯಾದ ಜಾಗವಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಜ್ವರ ಮತ್ತು ಜೋರಾದ ತಲೆನೋವಿನಿಂದಲೇ ಹಠಾತ್ತನೆ ಶುರುವಾಗುತ್ತದೆ. ಕೆಲವರಲ್ಲಿ ಜ್ವರ ಬಿಟ್ಟು ಒಂದೆರಡು ವಾರ ನೆಮ್ಮದಿಯಾಗಿದ್ದು, ಮತ್ತೆ ಜ್ವರ, ತಲೆನೋವು, ಕತ್ತು ಬಿಗಿತ, ಬಡಬಡಿಕೆ ಮರುಕಳಿಸುತ್ತವೆ. ಬೇಸಿಗೆಯಲ್ಲಿ ಕಾಡಿಗೆ ಹೋಗಿ ಉಣುಗು ಕಚ್ಚಿಸಿಕೊಂಡವರು ವಾಸಿಯಾಯಿತೆಂದು ಅಡಿಕೆ ತೋಟಕ್ಕೆ ಮರಳಿದ ಮೇಲೆ ಬರುವ ಈ ಎರಡನೇ ತಲೆನೋವು ಮೊದಲನೆಯದಕ್ಕಿಂತ ಅಪಾಯದ್ದು.

ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಸೇರಿ 2022ರಲ್ಲಿ ಆರಂಭಿಸಿದ ಮೆದುಳು ಆರೋಗ್ಯ ಯೋಜನೆಯಲ್ಲಿ ತಲೆನೋವಿಗೂ ಸ್ಥಾನ ಸಿಕ್ಕಿದೆ, ಸ್ವಾಗತಾರ್ಹ. ಆದರೆ ಜಿಲ್ಲಾ ಕೇಂದ್ರದ ಕ್ಲಿನಿಕ್ಕಿಗೆ ಬಾಣಂತಿ ಬರುವುದಿಲ್ಲ. ಅವಳ ಮನೆಗೆ ಹೋಗುವವರು ಆಶಾ ಕಾರ್ಯಕರ್ತೆಯರು: ಆಸ್ಪತ್ರೆ ಹೆರಿಗೆಯಾದರೆ 3, 7, 14, 21, 28 ಮತ್ತು 42ನೇ ದಿನ. ಆ ಭೇಟಿಗಳು ಮುಖ್ಯವಾಗಿ ಮಗುವಿನ ತೂಕ, ಮೈಬಿಸಿ, ಹಾಲೂಡಿಕೆ ನೋಡುವುದಕ್ಕೆ. ಅಭಿಧಮನಿ ಕಟ್ಟಿಕೊಳ್ಳುವ ಕಾಲ ಹೆಚ್ಚಾಗಿ ಮೊದಲ ಮೂರು ವಾರ, ಅಂದರೆ ಅವುಗಳಲ್ಲಿ ನಾಲ್ಕು ಭೇಟಿ ಆ ಅವಧಿಯಲ್ಲೇ ಬೀಳುತ್ತವೆ. ತಲೆನೋವಿದೆಯೇ, ಯಾವಾಗಿನಿಂದ, ಮಲಗಿದರೆ ಹೆಚ್ಚೋ ಎದ್ದರೆ ಹೆಚ್ಚೋ ಎಂದು ಕೇಳಿ, ಬಿ.ಪಿ. ಪಟ್ಟಿ ಕಟ್ಟಿ, ನೀರು ಎಷ್ಟು ಕುಡಿಯುತ್ತಿದ್ದಾಳೆಂದು ವಿಚಾರಿಸಲು ಐದು ನಿಮಿಷ ಸಾಕು.