ಟ್ರಾಂಬೆಯ ಪೂರ್ಣಿಮಾದಲ್ಲಿ ಸೋಡಿಯಂ ಇರಲಿಲ್ಲ

ವೇಗದ ರಿಯಾಕ್ಟರಿಗೆ ನೀರು ಏಕಾಗದು ಎಂಬುದಕ್ಕೆ ನಮ್ಮ ಜನಪ್ರಿಯ ಬರಹಗಳು ಕೊಡುವ ಉತ್ತರ ಒಂದೇ: ನೀರು ಬೇಗ ಕುದಿಯುತ್ತದೆ, ಸೋಡಿಯಂ ಕುದಿಯುವುದಿಲ್ಲ. ಈ ವಾದ ನಿಲ್ಲುವುದಿಲ್ಲ. ತಾರಾಪುರದ ಮೊದಲ ಎರಡು ಘಟಕಗಳು 1969ರಿಂದ ನೀರನ್ನು ಕುದಿಸಿಯೇ ವಿದ್ಯುತ್ ಕೊಟ್ಟಿವೆ. ಕುದಿಯುವುದೇ ದೋಷವಾಗಿದ್ದರೆ ಅವು ನಡೆಯುತ್ತಲೇ ಇರಲಿಲ್ಲ.

ಈ ಚರ್ಚೆಯಲ್ಲಿ ಹೆಚ್ಚಾಗಿ ಎತ್ತದ ಸಾಕ್ಷ್ಯವೊಂದು ಟ್ರಾಂಬೆಯಲ್ಲೇ ಇದೆ. ಪಿ. ಕೆ. ಅಯ್ಯಂಗಾರ್ ಮುಂದಾಳತ್ವದಲ್ಲಿ ಕಟ್ಟಿದ ಪೂರ್ಣಿಮಾ 1972ರ ಮೇ 18ರಂದು ಸರಪಳಿ ಕ್ರಿಯೆ ಆರಂಭಿಸಿತು. ಅದರ ಇಂಧನ ಪ್ಲುಟೋನಿಯಂ ಆಕ್ಸೈಡ್. ಅದು ವೇಗದ ರಿಯಾಕ್ಟರೇ, ಆದರೆ ಅದರಲ್ಲಿ ಸೋಡಿಯಂ ಇರಲಿಲ್ಲ. ಸುಮಾರು ಒಂದು ವಾಟ್‌ನಷ್ಟು ಶಾಖಕ್ಕೆ ಗಾಳಿಯೇ ಸಾಕಾಗಿತ್ತು. ಎಂದರೆ ನ್ಯೂಟ್ರಾನಿಗೆ ವೇಗ ಕೊಡುವುದು ಸೋಡಿಯಂ ಅಲ್ಲ. ಹಗುರ ಪರಮಾಣುಗಳು ದಾರಿಗೆ ಅಡ್ಡ ಬಾರದಿದ್ದರೆ ಹುಟ್ಟುವೇಗ ಬಹುಮಟ್ಟಿಗೆ ಉಳಿಯುತ್ತದೆ.

ನೀರಿನಲ್ಲಿ ಅಡ್ಡ ಬರುವುದು ಹೈಡ್ರೋಜನ್. ಅದರ ತೂಕ ನ್ಯೂಟ್ರಾನಿನಷ್ಟೇ ಇರುವುದರಿಂದ ಒಂದೊಂದು ಡಿಕ್ಕಿಗೂ ಸರಾಸರಿ ಅರ್ಧ ಶಕ್ತಿ ಹೋಗುತ್ತದೆ. ಸುಮಾರು 18 ಡಿಕ್ಕಿಗಳಲ್ಲಿ ನ್ಯೂಟ್ರಾನ್ ಪೂರ್ತಿ ನಿಧಾನವಾಗುತ್ತದೆ. 23 ಪಟ್ಟು ಭಾರವಾದ ಸೋಡಿಯಂಗೆ ಬಡಿದರೆ ಹೋಗುವುದು ಸರಾಸರಿ ನೂರಕ್ಕೆ ಎಂಟು ಪಾಲು. ಅಷ್ಟೇ ನಿಧಾನವಾಗಲು ಇನ್ನೂರಕ್ಕೂ ಹೆಚ್ಚು ಡಿಕ್ಕಿಗಳು ಬೇಕು. ಅಷ್ಟರೊಳಗೆ ಇಂಧನವೇ ಅದನ್ನು ಹಿಡಿದಿರುತ್ತದೆ.

ವೇಗ ಉಳಿಯಲೇಬೇಕಾದ ಕಾರಣ ಲೆಕ್ಕದಲ್ಲಿದೆ. ಪ್ಲುಟೋನಿಯಂ-239 ನಿಧಾನ ನ್ಯೂಟ್ರಾನೊಂದನ್ನು ನುಂಗಿದರೆ ಸರಾಸರಿ 2.1 ಹೊಸ ನ್ಯೂಟ್ರಾನುಗಳು ಬರುತ್ತವೆ. ಒಂದು ಸರಪಳಿಗೆ, ಇನ್ನೊಂದು ಉರಿದ ಇಂಧನವನ್ನು ಯುರೇನಿಯಂನಿಂದ ಮತ್ತೆ ಮಾಡಿಕೊಳ್ಳಲು. ಉಳಿದ ಚೂರನ್ನು ಉಕ್ಕು, ಸೋರಿಕೆಗಳು ತಿಂದುಹಾಕುತ್ತವೆ. ವೇಗದಲ್ಲಿ ಈ ಸಂಖ್ಯೆ ಎರಡೂವರೆಯ ಆಸುಪಾಸಿಗೆ ಏರುವುದರಿಂದಲೇ ಇಂಧನ ವೃದ್ಧಿ ಸಾಧ್ಯ.

ಸೋಡಿಯಂ ಬೇಕಾದದ್ದು ಇದರ ನಂತರ, ಶಾಖಕ್ಕಾಗಿ. ಕಲ್ಪಾಕ್ಕಂನಲ್ಲಿ 1985ರ ಅಕ್ಟೋಬರ್ 18ರಂದು ಆರಂಭವಾದ ಪರೀಕ್ಷಾ ರಿಯಾಕ್ಟರನ್ನು 40 ಮೆಗಾವಾಟ್ ಶಾಖಕ್ಕೆ ರೂಪಿಸಲಾಗಿತ್ತು. ಚಿಕ್ಕ ಗರ್ಭದಿಂದ ಇಷ್ಟನ್ನು ಹೊರಗೆಳೆಯಲು ದ್ರವಲೋಹವೇ ಅನುಕೂಲ. ಭಾರವೊಂದೇ ಸಾಲದು ಎಂಬುದಕ್ಕೆ 1946ರ ಲಾಸ್ ಅಲಮಾಸ್‌ನ ಕ್ಲೆಮೆಂಟೈನ್ ರಿಯಾಕ್ಟರ್ ಸಾಕ್ಷಿ. ಅದನ್ನು ತಣಿಸುತ್ತಿದ್ದ ಪಾದರಸ 357 ಡಿಗ್ರಿಗೇ ಕುದಿಯುತ್ತದೆ. ಸೋಡಿಯಂ ಕುದಿಯುವುದು 883ಕ್ಕೆ, ಹಾಗಾಗಿ ಕೊಳವೆಗಳಿಗೆ ಹೆಚ್ಚಿನ ಒತ್ತಡ ಬೇಕಿಲ್ಲ. ಕುದಿಬಿಂದುವಿನ ಮಾತಿಗೆ ಸ್ಥಾನ ಇಲ್ಲಿದೆ, ಮೊದಲಲ್ಲಲ್ಲ.

ಪೂರ್ಣಿಮಾ ಎಂಬ ಹೆಸರನ್ನೇ ಹಿಡಿದು, ಅದರೊಳಗೆ ನೀರಿತ್ತೆಂದು ಆಕ್ಷೇಪಿಸುವವರೂ ಇದ್ದಾರೆ. ನೀರಿದ್ದದ್ದು 1984ರ ಪೂರ್ಣಿಮಾ-2ರಲ್ಲಿ. ಅದರ ಇಂಧನ ನೀರಿನಲ್ಲಿ ಕರಗಿದ ಯುರೇನಿಯಂ-233, ಅದರ ನ್ಯೂಟ್ರಾನುಗಳು ನಿಧಾನದವು. ಮುಂದೆ ಬರೆಯುವವರು ದಯವಿಟ್ಟು ಈ ಎರಡನ್ನೂ ಇಸವಿ ಸಹಿತ ಬೇರ್ಪಡಿಸಿ ಬರೆಯಲಿ.